ಬೇಡ ಅನ್ನೋಕೆ ಬಾಯಿ ಬಾರದವರು

ಸೊಳ್ಳೆ ಅಕ್ಕನ ಮನೆಗೆ ಸೊಳ್ಳೆ ಬರೋದಿಲ್ಲ. ಬರೋಕೆ ದಾರಿಯೇ ಇಲ್ಲ. ಕಿಟಕಿಗೆ ಪರದೆ, ಬಾಗಿಲಿಗೆ ಪರದೆ, ಬಚ್ಚಲುಮನೆ ಗಾಳಿಕಿಂಡಿಗೆ ಪರದೆ, ಅಷ್ಟೂ ಸಾಲದು ಅಂತ ಪಾತ್ರೆ ಕಪಾಟಿಗೂ ಪರದೆ. ಆಕೆ ಸೊಳ್ಳೆಪರದೆ ಹೊಲಿದು ಆನ್‌ಲೈನಲ್ಲಿ ಮಾರುವವಳು. ಮೊದಮೊದಲು ಬೀದಿಯವರು ‘ಸೊಳ್ಳೆಪರದೆ ಅಕ್ಕ’ ಅಂತಲೇ ಕರೀತಿದ್ದರು. ಅಷ್ಟುದ್ದ ಯಾರು ಕರೀತಾರೆ ಅಂತ ಒಂದು ದಿನ ಪರದೆ ಕಿತ್ತು ಹಾಕಿ ಸೊಳ್ಳೆಯನ್ನ ಮಾತ್ರ ಉಳಿಸಿಕೊಂಡರು. ಜನಕ್ಕೇನು, ನಾಲಿಗೆಗೆ ಎಲುಬಿಲ್ಲ.

ಈ ಕಸುಬಿಗೆ ಬರೋ ಮುಂಚೆ ಹನ್ನೊಂದು ವರ್ಷ ಆಕೆ ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತಿದ್ದಳು. ಗಾಜಿನ ಆಚೆ ಕಾಯಿಲೆಯವರು, ಈಚೆ ಇವಳು, ನಡುವೆ ಅಂಗೈಯಗಲದ ತೂತು. ದಿನವಿಡೀ ಬೈಗುಳ ಆ ತೂತಿನಿಂದ ಒಳಗೆ ಬರ್ತಿತ್ತು, ರಸೀದಿ ಹೊರಗೆ ಹೋಗ್ತಿತ್ತು. ಮನೆಗೆ ಬಂದರೆ ಯಾರ ಜೊತೆಗೂ ಮಾತಿಲ್ಲ, ಕತೆಯಿಲ್ಲ. ಮೂರು ವರ್ಷದ ಹಿಂದೆ ಅದನ್ನ ಬಿಟ್ಟು, ಹಳೇ ಹೊಲಿಗೆ ಯಂತ್ರ ಒರೆಸಿಟ್ಟು, ತನ್ನದೇ ಒಂದು ಪುಟ್ಟ ವೆಬ್‌ಸೈಟ್ ಮಾಡಿಸಿ ಮಂಚದ ಪರದೆ, ಕಿಟಕಿಯ ಪರದೆ ಮಾರೋಕೆ ಶುರು ಮಾಡಿದಳು. ಆಮೇಲಿಂದ ಮನೆಯಲ್ಲಿ ನಗು ಕೇಳಿಸ್ತು. ಫೋನ್ ‘ಟಿಂಗ್’ ಅಂತ ಆರ್ಡರ್ ಬಂತು ಅಂದರೆ ಸಾಕು, ಸೂಜಿ ಕೈಯಲ್ಲಿರಲಿ ಸೌಟು ಕೈಯಲ್ಲಿರಲಿ, ಮುಖ ಅರಳಿಬಿಡೋದು.

ಕಟ್ಟೋದು, ಅಂಟಿಸೋದು ಮಾವನ ಕೆಲಸ. ಮಾವ ಅಂದರೆ ಗಂಡನ ಅಪ್ಪ, ಎಪ್ಪತ್ನಾಲ್ಕು ವರ್ಷ, ಒಂದು ದೊಡ್ಡ ಕಚೇರಿಯ ರವಾನೆ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಗುಮಾಸ್ತರಾಗಿದ್ದವರು. ಬಂದ ಕಾಗದವನ್ನ ಲಕೋಟೆಗೆ ಹಾಕು, ನಂಬರ್ ಕೊಡು, ರವಾನೆ ಪುಸ್ತಕದಲ್ಲಿ ಬರಿ, ಕಳಿಸು. ಕಳಿಸಿದ ಮೇಲೆ ಆ ಕಾಗದ ತಲುಪ್ತೋ ಇಲ್ಲವೋ, ಓದಿದರೋ ಹರಿದರೋ, ಅದು ಬೇರೆ ವಿಭಾಗದ ತಲೆನೋವು. “ರವಾನೆ ಆಯ್ತು ಅಂದರೆ ಕೆಲಸ ಆಯ್ತು” ಅನ್ನೋದು ಅವರ ಜೀವನದ ಒಟ್ಟು ವೇದಾಂತ. ಸೊಸೆಯ ವ್ಯಾಪಾರಕ್ಕೂ ಒಂದು ಉದ್ದನೆಯ ರವಾನೆ ಪುಸ್ತಕ ತಂದು, ಗೆರೆ ಎಳೆದು, ಪಾರ್ಸಲ್ ಒಂದೊಂದಕ್ಕೂ ನಂಬರ್ ಕೊಟ್ಟು ಬರೀತಿದ್ದರು. ಅವರು ಅಂಟಿಸಿದ ಟೇಪ್ ಬಿಚ್ಚೋಕೆ ಗಿರಾಕಿಗಳಿಗೆ ಕತ್ತರಿ ಸಾಲದೆ ಚಾಕು ಬೇಕಾಗ್ತಿತ್ತು.

ಎಲ್ಲ ಸರಿ. ಆದರೆ ಹೋದ ಪಾರ್ಸಲ್ಲು ವಾಪಸ್ ಬರೋಕೆ ಶುರುವಾಯ್ತಲ್ಲ, ಅಲ್ಲಿಂದ ಗ್ರಹಚಾರ.

ಆಕೆಯ ಆರ್ಡರುಗಳಲ್ಲಿ ನಾಲ್ಕಕ್ಕೆ ಮೂರು ಕ್ಯಾಶ್ ಆನ್ ಡೆಲಿವರಿ. ಮನೆ ಬಾಗಿಲಿಗೆ ಬಂದಾಗ ದುಡ್ಡು ಕೊಡ್ತೀವಿ ಅನ್ನೋರು. ಬಂದಾಗ ಏನಂತಾರೆ? ಬೇಡ ಅಂತಾರೆ. ಒಬ್ಬರು ಮನೇಲಿಲ್ಲ, ಇನ್ನೊಬ್ಬರು ಫೋನ್ ಎತ್ತಲ್ಲ, ಮತ್ತೊಬ್ಬರು “ನಾವು ಆರ್ಡರೇ ಮಾಡಿಲ್ಲ” ಅಂತ ದೇವರಾಣೆ ಹಾಕ್ತಾರೆ. ಕೊರಿಯರಿನವರು ಮೂರು ಸಲ ಹೋಗಿ ನೋಡಿ ಪಾರ್ಸಲ್ಲನ್ನ ವಾಪಸ್ ಕಳಿಸ್ತಾರೆ. ಹೋಗೋ ಚಾರ್ಜೂ ಇವಳದೇ, ಬರೋ ಚಾರ್ಜೂ ಇವಳದೇ. ಎರಡು ಮೂರು ವಾರ ಊರೂರು ಸುತ್ತಿ, ಮೂಲೆ ಜಜ್ಜಿಸಿಕೊಂಡು, ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂತ ಅದೇ ಪಾರ್ಸಲ್ಲು ಅದೇ ಬಾಗಿಲಿಗೆ ಹಾಜರ್. ಅಳತೆ ಕೊಟ್ಟು ಹೊಲಿಸೋ ಕಿಟಕಿ ಪರದೆಗೆ ಮಾತ್ರ ಆಕೆ ಮೊದಲಿಂದಲೂ ಪೂರ್ತಿ ದುಡ್ಡು ಮೊದಲೇ ತಗೋತಿದ್ದಳು, ಒಬ್ಬರ ಕಿಟಕಿ ಇನ್ನೊಬ್ಬರ ಗೋಡೇಲಿ ಇರೋದಿಲ್ಲವಲ್ಲ. ತೊಂದರೆಯೆಲ್ಲ ಸಿದ್ಧ ಅಳತೆಯ ಮಂಚದ ಪರದೆಯದ್ದು. ವಾಪಸ್ ಬಂದ ಡಬ್ಬಗಳು ನಡುಮನೆ ತುಂಬಿ, ಮಾವನ ಕೋಣೆ ತುಂಬಿ, ಕೊನೆಗೆ ಗಂಡ ಊಟದ ಮೇಜಿನ ಹತ್ತಿರ ಅಡ್ಡಡ್ಡ ನಡೆದು ಹೋಗೋ ಹಾಗಾಯ್ತು.

ಒಂದು ದಿನ ಕೊರಿಯರ್ ಶಾಖೆಯಿಂದ ಕರೆ ಬಂತು. ಹೋದಳು. ಶಾಖೆಯ ಮೇಡಂ ದಪ್ಪ ಕನ್ನಡಕದವರು, ಮಾತು ಮಾತ್ರ ತೆಳು.

“ನೋಡಿ, ನಿಮ್ಮ ಕ್ಯಾಶ್ ಆನ್ ಡೆಲಿವರಿ ಪಾರ್ಸಲ್ಲು ನೂರಕ್ಕೆ ನಲವತ್ತೊಂದು ವಾಪಸ್ ಬರ್ತಿದೆ. ನಮ್ಮ ಹುಡುಗರು ನಿಮ್ಮ ಪರದೆ ಹೊತ್ತು ಹೊತ್ತು ಬಡವಾದರು. ಈ ತಿಂಗಳು ಏನಾದರೂ ಮಾಡಿ ಸರಿಪಡಿಸಿಕೊಳ್ಳಿ. ಮುಂದಿನ ತಿಂಗಳ ಲೆಕ್ಕ ನೋಡ್ತೀನಿ. ನೂರಕ್ಕೆ ಇಪ್ಪತ್ತರ ಒಳಗೆ ಬರಲಿಲ್ಲ ಅಂದರೆ ನಿಮಗೆ ಆ ಸೌಲಭ್ಯ ನಿಲ್ಲಿಸ್ತೀವಿ.”

“ನಿಲ್ಲಿಸಿದರೆ ನನ್ನ ಅಂಗಡಿಯೇ ಮುಚ್ಚುತ್ತೆ ಮೇಡಂ.”

“ಅದಕ್ಕೇ ಹೇಳಿದ್ದು” ಅಂದರು ಮೇಡಂ.

ಮನೆಗೆ ಬಂದು ಮಾವನಿಗೆ ಕೇಳಿಸದ ಹಾಗೆ ಹೇಳಿದಾಗ ಗಂಡ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಲಿಫ್ಟ್ ರಿಪೇರಿಯವನು, ಮಾತಲ್ಲೂ ಏರಿಳಿತ ಕಡಿಮೆ. ರಾತ್ರಿ ಊಟಕ್ಕೆ ಕೂತಾಗ “ಆಸ್ಪತ್ರೆಯವರು ಮೊನ್ನೆ ಸಿಕ್ಕಿದ್ದರು. ನಿನ್ನ ಜಾಗಕ್ಕೆ ಇನ್ನೂ ಸರಿಯಾದವರು ಸಿಕ್ಕಿಲ್ಲವಂತೆ. ಎರಡು ತಿಂಗಳು ನೋಡು, ಆಗಲಿಲ್ಲ ಅಂದರೆ...” ಅಂತ ಅಲ್ಲಿಗೇ ನಿಲ್ಲಿಸಿದ. ಆಕೆಗೆ ಕಣ್ಣ ಮುಂದೆ ಆ ಗಾಜಿನ ತೂತು ಬಂತು. ಬಾಯಿಗೆತ್ತಿದ್ದ ತುತ್ತನ್ನ ತಟ್ಟೆಗೇ ಇಳಿಸಿದಳು. ಎದುರಿಗೆ ಕೂತಿದ್ದ ಮಾವ ಸೊಸೆಯ ಮುಖ ನೋಡಿದರು, ನೀರಿನ ಲೋಟ ಹತ್ತಿರ ಸರಿಸಿದರು.

ಮಾರನೇ ದಿನ ಬೆಳಿಗ್ಗೆ ಆಕೆ ರೊಚ್ಚಿಗೆದ್ದು ಕ್ಯಾಶ್ ಆನ್ ಡೆಲಿವರಿಯನ್ನ ತಾನೇ ತೆಗೆದುಹಾಕಿದಳು. ಅವರು ನಿಲ್ಲಿಸೋದೇನು, ನಾನೇ ನಿಲ್ಲಿಸ್ತೀನಿ! ದುಡ್ಡು ಮೊದಲು ಕೊಡೋರಿಗೆ ಮಾತ್ರ ಪರದೆ. ಸರಿ, ಹನ್ನೊಂದು ದಿನ ಕಾದಳು. ಬಂದಿದ್ದು ನಾಲ್ಕು ಆರ್ಡರ್. ಅದರಲ್ಲಿ ಒಂದು ಅವಳ ಸ್ವಂತ ತಂಗಿಯದು. ವಾಪಸ್ ಒಂದೂ ಬರಲಿಲ್ಲ, ನಿಜ. ಹೋದರೆ ತಾನೇ ಬರೋದು? ಒಬ್ಬಾಕೆ ಮೆಸೇಜ್ ಹಾಕಿದ್ದಳು: “ನೀವು ಯಾರು ಅಂತ ಗೊತ್ತಿಲ್ಲ, ಪರದೆ ಹೆಂಗಿರುತ್ತೆ ಗೊತ್ತಿಲ್ಲ, ಮೊದಲೇ ದುಡ್ಡು ಹಾಕಿ ಅಂತೀರಲ್ಲ, ನಾವೇನು ದುಡ್ಡಿನ ಗಿಡ ನೆಟ್ಟಿದ್ದೀವಾ?” ಓದಿ ಸೊಳ್ಳೆ ಅಕ್ಕನಿಗೆ ಸಿಟ್ಟು ಬರಲಿಲ್ಲ. ಬದನೆಕಾಯಿ ತಗೊಳ್ಳುವಾಗ ತಾನೂ ನಾಲ್ಕು ಸಲ ತಿರುಗಿಸಿ, ತೊಟ್ಟು ನೋಡಿ ಆಮೇಲೆ ತಾನೇ ದುಡ್ಡು ಕೊಡೋದು? ಹನ್ನೆರಡನೇ ದಿನ ಸದ್ದಿಲ್ಲದೆ ಕ್ಯಾಶ್ ಆನ್ ಡೆಲಿವರಿಯನ್ನ ವಾಪಸ್ ಹಾಕಿದಳು.

ಆಮೇಲೆ ಇನ್ನೊಂದು ಉಪಾಯ. ಯಾರೋ ಹೇಳಿದರು, ಕಳಿಸೋ ಮುಂಚೆ ಫೋನ್ ಮಾಡಿ ಕೇಳಬೇಕು, ಹೂಂ ಅಂದವರಿಗೆ ಮಾತ್ರ ಕಳಿಸಬೇಕು ಅಂತ. ಫೋನ್ ಮಾಡೋದಾ? ಅದಕ್ಕೆ ಸೊಳ್ಳೆ ಅಕ್ಕ ಬಿಟ್ಟರಿಲ್ಲ. ಹನ್ನೊಂದು ವರ್ಷ ತೂತಿನ ಹಿಂದೆ ಕಟ್ಟಿಟ್ಟಿದ್ದ ಮಾತೆಲ್ಲ ಆ ವಾರ ಹೊರಗೆ ಬಂತು.

“ನಮಸ್ಕಾರಮ್ಮ, ಪರದೆ ಆರ್ಡರ್ ಮಾಡಿದ್ದೀರಲ್ಲ, ಊಟ ಆಯ್ತಾ? ಮಗು ಅಳ್ತಿದೆಯಲ್ಲ, ಎಷ್ಟು ತಿಂಗಳು? ಅಯ್ಯೋ ಪಾಪ, ಸೊಳ್ಳೆ ಕಚ್ಚಿದ್ದಾ? ನಾನೇ ಕೈಯಾರೆ ಹೊಲಿದು ಕಳಿಸ್ತೀನಿ, ಅಂಚಿಗೆ ಎರಡು ಸುತ್ತು ಹೊಲಿಗೆ ಹಾಕ್ತೀನಿ. ಕಳಿಸಲಾಮ್ಮ?”

ಎಲ್ಲರೂ ಕಳಿಸಿ ಅಂದರು. ಒಬ್ಬರೂ ಬೇಡ ಅನ್ನಲಿಲ್ಲ. ನೂರಕ್ಕೆ ನೂರು! ಕೆಲವರಂತೂ ಎಷ್ಟು ಒಳ್ಳೆಯವರು ಅಂತೀರಿ. ವಯಸ್ಸಾದ ಗಂಡಸರೊಬ್ಬರು “ಕಳಿಸು ತಾಯಿ, ಒಳ್ಳೇದಾಗಲಿ” ಅಂದರು. ಇನ್ನೊಬ್ಬರು ಕೆಮ್ಮಿಕೊಂಡು “ಮಾವ ಆರೋಗ್ಯವಾ?” ಅಂತ ವಿಚಾರಿಸಿದರು. ಎಂಥಾ ಜನ, ಗುರುತು ಪರಿಚಯ ಇಲ್ಲದಿದ್ದರೂ ಮನೆಯ ಹಿರಿಯರನ್ನ ಕೇಳ್ತಾರಲ್ಲ ಅಂತ ಆಕೆಗೆ ಮನಸ್ಸು ತುಂಬಿ ಬಂತು. ತನಗೊಬ್ಬ ಮಾವ ಇದ್ದಾರೆ ಅಂತ ಅವರಿಗೆ ಹೇಗೆ ಗೊತ್ತು ಅಂತ ಮಾತ್ರ ಹೊಳೆಯಲಿಲ್ಲ.

ಎರಡು ವಾರ ಆಯ್ತು. ಪಾರ್ಸಲ್ಲುಗಳು ಹೋದ ದಾರಿಯಲ್ಲೇ ವಾಪಸ್ ಬಂದವು. ಅದೇ ನೂರಕ್ಕೆ ನಲವತ್ತೊಂದು, ಒಂದೂ ಕಡಿಮೆಯಿಲ್ಲ.

“ಇದೇನಪ್ಪ ಇದು? ಎಲ್ಲರೂ ಹೂಂ ಅಂದಿದ್ದರಲ್ಲ!” ಅಂತ ಆಕೆ ಪಾರ್ಸಲ್ ತಂದುಕೊಡೋ ಹುಡುಗನನ್ನ ಹಿಡಿದು ನಿಲ್ಲಿಸಿದಳು. ಹುಡುಗ ಅಂದರೆ ಹುಡುಗನಲ್ಲ, ಎರಡು ಮಕ್ಕಳ ಅಪ್ಪ. ಬೆನ್ನ ಮೇಲಿನ ಚೀಲದಿಂದಾಗಿ ಎಲ್ಲರಿಗೂ ಚೀಲದಣ್ಣ.

ಚೀಲದಣ್ಣ ತಲೆ ಕೆರೆದುಕೊಂಡ. “ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಾನು ಮೊನ್ನೆ ಒಬ್ಬರ ಮನೆಗೆ ಹೋಗಿದ್ದೆ. ಫೋನಲ್ಲಿ ಕಳಿಸಿ ಅಂದಿದ್ದರಂತಲ್ಲ, ಈಗ ಯಾಕೆ ಬೇಡ ಅಂತೀರಿ ಅಂದೆ. ಅದಕ್ಕೆ ಅವರು, ‘ಆಯಮ್ಮ ಅಷ್ಟು ಪ್ರೀತಿಯಿಂದ ಮಾತಾಡಿದರು, ನಮ್ಮ ಮಗೂನ ಹಲ್ಲು ಬಂತಾ ಅಂತ ಬೇರೆ ಕೇಳಿದರು. ಹೆಂಗೆ ಬೇಡ ಅನ್ನೋದು? ಬಾಯೇ ಬರಲಿಲ್ಲ’ ಅಂದರು. ನಿಮಗೆ ಬೇಡ ಅನ್ನೋಕೆ ಆಗಲ್ಲ ಅಕ್ಕಾ, ನನಗೆ ಅಂತಾರೆ. ನನ್ನ ಮುಖ ಅಂಥದ್ದು.”

ಸೊಳ್ಳೆ ಅಕ್ಕ ಪೆಚ್ಚಾಗಿ ಅಲ್ಲೇ ಒಂದು ಡಬ್ಬದ ಮೇಲೆ ಕೂತಳು. ತನ್ನ ಒಳ್ಳೆ ಮಾತೇ ತನಗೆ ಮುಳುವಾಗಬೇಕಾ? ಅಳಬೇಕೋ ನಗಬೇಕೋ ತಿಳೀಲಿಲ್ಲ. ಆಮೇಲೆ ಎದ್ದು ಮುಖ ತೊಳೆದು ನೇರ ಕೊರಿಯರ್ ಮೇಡಂ ಹತ್ತಿರ ಹೋದಳು. ಈ ಸಲ ತಾನಾಗೇ ಹೋಗಿದ್ದಕ್ಕೋ ಏನೋ ಮೇಡಂ ಕನ್ನಡಕ ತೆಗೆದಿಟ್ಟು ಸಮಾಧಾನವಾಗಿ ಹೇಳಿದರು.

“ಬಾಯಿ ಮಾತಿನ ಹೂಂಗೆ ಏನೂ ಖರ್ಚಿಲ್ಲ ನೋಡಿ, ಅದಕ್ಕೇ ಅದು ಸಲೀಸು. ಚೂರು ಮುಂಗಡ ತಗೊಳ್ಳಿ. ಒಂದು ಟೀ ದುಡ್ಡಾದರೂ ಸಾಕು. ಅದನ್ನ ಬೆಲೇಲಿ ಮುರ್ಕೊಂಡು ಉಳಿದದ್ದನ್ನ ಬಾಗಿಲಲ್ಲಿ ವಸೂಲಿ ಮಾಡೋಣ. ನಿಜವಾಗಿ ಬೇಕಾದವರು ಕೊಡ್ತಾರೆ, ಬೇಡದವರು ಅಲ್ಲೇ ಉದುರ್ತಾರೆ. ಪೂರ್ತಿ ಮೊದಲೇ ಕೊಟ್ಟರೆ ಸಾಗಣೆ ಖರ್ಚು ಬಿಡಿ. ಆರ್ಡರ್ ಬಂದ ಎರಡು ದಿನದೊಳಗೆ ಕಳಿಸಿ, ತಡ ಆದಷ್ಟೂ ಜನಕ್ಕೆ ಮನಸ್ಸು ಬದಲಾಗುತ್ತೆ. ಬಾಗಿಲು ಬೀಗ ಅಂತ ನಮ್ಮಿಂದ ಮೆಸೇಜ್ ಬಂದರೆ ಅವತ್ತೇ ಗಿರಾಕಿಗೆ ಫೋನ್ ಮಾಡಿ, ಇನ್ನೊಂದು ಸಲ ಹುಡುಗನನ್ನ ಕಳಿಸೋಕೆ ನಮಗೆ ಹೇಳಿ. ಮತ್ತೆ ಮೊದಲು ಮನೆಗೆ ಹೋಗಿ ಒಂದು ಪಟ್ಟಿ ಮಾಡಿ. ಯಾವ ಪಾರ್ಸಲ್ಲು, ಯಾವ ಪಿನ್‌ಕೋಡ್, ಯಾಕೆ ವಾಪಸ್ ಬಂತು. ರೋಗ ಎಲ್ಲಿದೆ ಅಂತ ಗೊತ್ತಾಗದೆ ಮದ್ದು ಕೊಟ್ಟರೆ ಏನು ಬಂತು?”

ಪಟ್ಟಿ ಮಾಡೋಕೆ ರವಾನೆ ಪುಸ್ತಕ ಬೇಕಲ್ಲ. “ಮಾವ, ಪುಸ್ತಕ ಕೊಡಿ” ಅಂದಳು. ಮಾವ “ಗೆರೆ ಎಳೀಬೇಕು, ನಾಳೆ ಕೊಡ್ತೀನಿ” ಅಂದರು. ನಾಳೆ ಕೇಳಿದರೆ ಕನ್ನಡಕ ಕಾಣೆ. ನಾಡಿದ್ದು ಕೇಳಿದರೆ ಅಂಟು ಚೆಲ್ಲಿ ಹಾಳೆ ಒಣಗಿಸಬೇಕಂತೆ. ಯಾವತ್ತೂ ಇಲ್ಲದ ಈ ಸತಾಯಿಸೋದು ಯಾಕೆ ಅಂತ, ಅವರು ಪಾರ್ಕಿಗೆ ವಾಕಿಂಗ್ ಹೋದಾಗ ಆಕೆ ದಿಂಬಿನ ಕೆಳಗಿಂದ ಪುಸ್ತಕ ಎತ್ತಿಕೊಂಡಳು. ಹಾಳೆಗಳು ಗರಿಗರಿಯಾಗಿದ್ದವು, ಅಂಟು ಗಿಂಟು ಏನೂ ಇಲ್ಲ.

ವಾಪಸ್ ಬಂದದ್ದಕ್ಕೆಲ್ಲ ಕೆಂಪು ಪೆನ್ನಲ್ಲಿ ಗುರುತು ಹಾಕ್ತಾ ಹೋದಳು. ಕೆಲವು ವಿಳಾಸದಲ್ಲಿ ಮನೆ ನಂಬರೇ ಇಲ್ಲ. ಕೆಲವರ ಫೋನ್ ನಂಬರಿನಲ್ಲಿ ಒಂದಂಕಿ ಕಡಿಮೆ. ಒಬ್ಬ ಮಹಾನುಭಾವ ಐದು ಸಲ ತರಿಸಿ ಐದು ಸಲವೂ ಬೇಡ ಅಂದಿದ್ದ. ಇದೆಲ್ಲ ಇರಲಿ. ಆದರೆ ಹದಿನಾಲ್ಕು ಪಾರ್ಸಲ್ಲು ಒಂದೇ ಪಿನ್‌ಕೋಡಿನಿಂದ ಬಂದಿವೆ. ಯಾವುದಪ್ಪ ಆ ಊರು ಅಂತ ನೋಡಿದರೆ ಅದು ತನ್ನದೇ ಬಡಾವಣೆ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು. ಹದಿನಾಲ್ಕೂ ವಿಳಾಸ ಪಾರ್ಕಿನ ಸುತ್ತಮುತ್ತ, ಹದಿನಾಲ್ಕಕ್ಕೂ ಮಾವನ ಕೈಯಲ್ಲೇ ನಂಬರ್, ಒಂದು ಬಗೆಯ ಮುತುವರ್ಜಿಯ ದುಂಡು ಅಕ್ಷರ.

ಅವತ್ತೇ ಅಂಥದೊಂದು ಪಾರ್ಸಲ್ಲು ಚೀಲದಣ್ಣನ ಚೀಲದಲ್ಲಿತ್ತು. ಆಕೆ ಚಪ್ಪಲಿ ಮೆಟ್ಟಿ ಅವನ ಹಿಂದೆಯೇ ಹೊರಟಳು. ಪಾರ್ಕಿನ ಎದುರಿನ ಕಟ್ಟಡ, ಮೂರನೇ ಮಹಡಿ. ಬಾಗಿಲು ತೆಗೆದವರು ಬನಿಯನ್ ಹಾಕಿಕೊಂಡಿದ್ದ ಒಬ್ಬ ತಾತ. ಚೀಲದಣ್ಣ ಬಾಯಿ ತೆರೆಯೋ ಮುಂಚೆಯೇ ಪಾಠ ಒಪ್ಪಿಸಿದ ಹಾಗೆ “ಬೇಡಪ್ಪ ಬೇಡ, ವಾಪಸ್ ತಗೊಂಡು ಹೋಗು” ಅಂದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಸೊಳ್ಳೆ ಅಕ್ಕ ಕಣ್ಣಿಗೆ ಬಿದ್ದಳು. ತಾತನ ಕೆಮ್ಮು ಶುರುವಾಯ್ತು. ಫೋನಲ್ಲಿ ಕೇಳಿದ್ದ ಅದೇ ಕೆಮ್ಮು.

“ಯಾಕೆ ಸ್ವಾಮಿ ಬೇಡ? ಕಳಿಸು ಅಂದಿದ್ದಿರಲ್ಲ?”

“ನನ್ನ ತಪ್ಪಿಲ್ಲಮ್ಮ! ನಿಮ್ಮ ಮಾವನೇ ಹೇಳಿಕೊಟ್ಟಿದ್ದು. ‘ಒಂದು ಆರ್ಡರ್ ಹಾಕ್ರೋ, ನಿಮ್ಮ ಗಂಟೇನೂ ಹೋಗಲ್ಲ, ಬಂದಾಗ ಬೇಡ ಅಂದರಾಯ್ತು’ ಅಂತ ಬೆಂಚಲ್ಲಿ ಕೂತು ಎಲ್ಲರಿಗೂ ಪಾಳಿ ಹಾಕಿಕೊಟ್ಟಿದ್ದಾನೆ. ಸೋಮವಾರ ನಂದು, ಮಂಗಳವಾರ ನಮ್ಮ ಡಾಕ್ಟರ್ ಸಾಹೇಬರದು...”

ಸೊಳ್ಳೆ ಅಕ್ಕ ಮೆಟ್ಟಿಲು ಇಳಿದದ್ದು ಗೊತ್ತಿಲ್ಲ, ಮನೆ ಸೇರಿದ್ದು ಗೊತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋದು! ಮಾವ ಕೋಣೆಯಲ್ಲಿ ಟೇಪ್ ಸುರುಳಿ ಹಿಡಿದು ಕೂತಿದ್ದರು. ಆಕೆ ರವಾನೆ ಪುಸ್ತಕವನ್ನ ಅವರ ಮುಂದೆ ತೆರೆದಿಟ್ಟಳು. ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಮೊದಲ ಸಲ ಮಾವನ ಎದುರು ದನಿ ಏರಿಸಿದಳು.

“ಏನು ಮಾವ ಇದು? ನಾನೇನು ಅನ್ಯಾಯ ಮಾಡಿದ್ದೆ ನಿಮಗೆ?”

ಮಾವ ಪುಸ್ತಕ ನೋಡಿದರು, ಕೆಂಪು ಗುರುತು ನೋಡಿದರು. ಸ್ವಲ್ಪ ಹೊತ್ತು ಟೇಪಿನ ಅಂಚು ಹುಡುಕಿದರು, ಸಿಗಲಿಲ್ಲ.

“ಅವತ್ತು ನೀನು ಊಟಕ್ಕೆ ಕೂತು ತುತ್ತು ನುಂಗಲಿಲ್ಲ ಕಣಮ್ಮ. ಹನ್ನೊಂದು ವರ್ಷ ಆ ಆಸ್ಪತ್ರೆಯಿಂದ ಬಂದು ಹಂಗೇ ಕೂರ್ತಿದ್ದೆ. ನನಗೆ ನೋಡೋಕಾಗ್ತಿರಲಿಲ್ಲ. ಆರ್ಡರ್ ಬಂದರೆ ನಗ್ತೀಯ. ಅದಕ್ಕೇ ನಾಲ್ಕು ಆರ್ಡರ್ ಹಾಕಿಸಿದೆ. ಮುಂಚಿಂದಲೂ ಒಂದೊಂದು ಹಾಕಿಸ್ತಿದ್ದೆ, ಆಮೇಲೆ ಸ್ವಲ್ಪ ಜಾಸ್ತಿ ಮಾಡಿದೆ.”

“ವಾಪಸ್ ಬರುತ್ತಲ್ಲ ಮಾವ!”

“ಬಂದರೆ ಬರಲಿ. ಹೊಸ ನಂಬರ್ ಕೊಟ್ಟು ಮತ್ತೆ ರವಾನೆ ಮಾಡೋದು. ನಷ್ಟ ಏನಿದೆ?”

“ಹೋಗೋ ಚಾರ್ಜು ಬರೋ ಚಾರ್ಜು ಎರಡೂ ನಾವೇ ಕೊಡೋದು ಮಾವ. ಇನ್ನೂ ಒಂದು ತಿಂಗಳು ಹಿಂಗೇ ಆದರೆ ಅಂಗಡಿ ಮುಚ್ಚಿ ನಾನು ಮತ್ತೆ ಆ ಕೌಂಟರಿಗೇ ಹೋಗಬೇಕು.”

ಮಾವನ ಕೈಯಿಂದ ಟೇಪ್ ಸುರುಳಿ ಜಾರಿ ಮಂಚದ ಕೆಳಗೆ ಉರುಳಿಹೋಯ್ತು. “ಎರಡೂ ನಾವೇ ಕೊಡೋದಾ?” ಅಂದರು. ಮತ್ತೆ “ಕೊರಿಯರಿನವನು ಬೇಡ ಅಂದವರ ಹತ್ತಿರ ಇಸ್ಕೊಳ್ಳಲ್ವಾ?” ಅಂದರು. ಆಕೆ ತಲೆಯಾಡಿಸಿದಳು. ಮೂರು ವರ್ಷದಿಂದ ಈ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಹಿರಿಯರ ಮುಂದೆ ನಷ್ಟದ ಮಾತು ಯಾಕೆ ಅಂತ ಆಕೆಯೇ ಮುಚ್ಚಿಟ್ಟಿದ್ದಳು. ಮುದುಕರ ಕಣ್ಣಲ್ಲಿ ನೀರು ಬಂತು. ಅದನ್ನ ನೋಡಿ ಇವಳ ಸಿಟ್ಟೆಲ್ಲ ಇಳಿದು, ಇವಳಿಗೂ ಅಳು ಬಂತು. ಇಬ್ಬರೂ ಡಬ್ಬಗಳ ನಡುವೆ ಕೂತು ಅಳ್ತಿದ್ದಾಗ ಗಂಡ ಕೆಲಸದಿಂದ ಬಂದ. ನೋಡಿದ, ಅಡ್ಡಡ್ಡ ನಡೆದು ಅಡುಗೆಮನೆಗೆ ಹೋಗಿ ತಾನೇ ಟೀ ಮಾಡಿಕೊಂಡ.

ಹೊಸ ತಿಂಗಳು ಶುರುವಾಯ್ತು. ಮುಂಗಡದ ನಿಯಮ ಹಾಕಿದಳು. ಪೂರ್ತಿ ಮೊದಲೇ ಕೊಡೋರಿಗೆ ಸಾಗಣೆ ಖರ್ಚಿಲ್ಲ, ಮನೆ ಬಾಗಿಲಲ್ಲಿ ಕೊಡೋರಿಗೆ ಟೀ ದುಡ್ಡಿನ ಮುಂಗಡ. ಐದು ಸಲ ಬೇಡ ಅಂದಿದ್ದ ಮಹಾನುಭಾವನಿಗೆ ಇನ್ನು ಪೂರ್ತಿ ದುಡ್ಡು ಬಂದ ಮೇಲೇ ಪರದೆ. ಆರ್ಡರ್ ಸ್ವಲ್ಪ ಕಡಿಮೆಯಾದವು, ಬಂದವು ಗಟ್ಟಿಯಾಗಿದ್ದವು. ಆದರೂ ಹಳೇ ಗಿರಾಕಿಗಳು, ಮುಂಗಡ ಕಟ್ಟೋಕೆ ಫೋನ್ ಬಳಸೋದು ಗೊತ್ತಿಲ್ಲದವರು ಇದ್ದರಲ್ಲ, ಅವರಿಗೆ ಫೋನ್ ಮಾಡಿಯೇ ಕೇಳಬೇಕಿತ್ತು. ಮಾವ ಬಂದು ಕೈ ಚಾಚಿದರು.

“ಫೋನ್ ಇತ್ತ ಕೊಡು. ನೀನು ಮಾತಾಡಿದರೆ ಕಲ್ಲೂ ಹೂಂ ಅನ್ನುತ್ತೆ. ನಾನು ಕೇಳ್ತೀನಿ.”

ಆಕೆ ಕೊಟ್ಟಳು. ಮಾವ ಬೆನ್ನು ನೆಟ್ಟಗೆ ಮಾಡಿ, ಕಚೇರಿಯ ದನಿ ತೆಗೆದರು.

“ಹಲೋ. ಪರದೆ ವಿಭಾಗ. ಮಂಚದ ಪರದೆ ಒಂದು. ಬೇಕೋ ಬೇಡವೋ? ಯೋಚಿಸ್ತೀನಿ ಅಂದರೆ ಬೇಡ ಅಂತ ಬರ್ಕೋತೀನಿ. ನಮಗೇನೂ ಬೇಜಾರಿಲ್ಲ. ಹೇಳಿ.”

ಆಹಾ, ಜನಕ್ಕೆ ಬಾಯಿ ಬಂತು ನೋಡಿ! “ಬೇಡ ಸರ್” ಅಂದರು, “ಮುಂದಿನ ತಿಂಗಳು ನೋಡೋಣ ಸರ್” ಅಂದರು, ಒಬ್ಬಳು “ಅಯ್ಯೋ, ಕೇಳಿದ್ದು ಒಳ್ಳೇದಾಯ್ತು, ಮೊನ್ನೆಯೇ ಅಂಗಡೀಲಿ ತಗೊಂಡೆ” ಅಂದಳು. ಬೇಕು ಅಂದವರು ನಿಜವಾಗಿ ಬೇಕು ಅಂದರು. ಪಾರ್ಸಲ್ಲು ಮನೆ ಬಿಡೋ ಮುಂಚೆಯೇ ರದ್ದಾದರೆ ಕೊರಿಯರಿನ ಲೆಕ್ಕಕ್ಕೂ ಬರಲ್ಲ, ಚಾರ್ಜೂ ಇಲ್ಲ. ಪಾರ್ಕಿನ ಬೆಂಚಿನವರಿಗೂ ಮಾವನೇ ಕರೆ ಮಾಡಿ “ನಿಮ್ಮ ಪಾಳಿ ರದ್ದು” ಅಂತ ಹೇಳಿದರು. ಕೆಮ್ಮೋ ತಾತ ಮಾತ್ರ ನಾಚಿಕೆಯಾಗಿ ಪೂರ್ತಿ ದುಡ್ಡು ಮೊದಲೇ ಕೊಟ್ಟು ಒಂದು ಪರದೆ ತಗೊಂಡರು. ತಗೊಂಡ ಮೇಲೆ ನಿದ್ದೆ ಚೆನ್ನಾಗಿ ಬರ್ತಿದೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ತಿಂಗಳು ಮುಗಿದು ಎರಡು ವಾರಕ್ಕೆ, ಹೊರಗಿದ್ದ ಪಾರ್ಸಲ್ಲುಗಳ ಲೆಕ್ಕವೆಲ್ಲ ತೀರಿದ ಮೇಲೆ, ಕೊರಿಯರ್ ಮೇಡಂ ಫೋನ್ ಮಾಡಿದರು. ಸೊಳ್ಳೆ ಅಕ್ಕ ಸೂಜಿಯನ್ನ ಪರದೆಗೇ ಚುಚ್ಚಿಟ್ಟು ಫೋನ್ ಎತ್ತಿದಳು.

“ನೂರಕ್ಕೆ ಹದಿನಾರು” ಅಂದರು ಮೇಡಂ. “ಮುಂದುವರಿಸಿ.”

ಆಕೆ ಫೋನ್ ಇಟ್ಟು, ಮೊದಲು ಮಾವನಿಗೆ ಹೇಳೋಣ ಅಂತ ಕೋಣೆ ಬಾಗಿಲಿಗೆ ಹೋದಳು. ಮಾವ ಬೆನ್ನು ಹಾಕಿ ಕೂತು ಯಾರ ಜೊತೆಗೋ ಮಾತಾಡ್ತಿದ್ದರು. ಎದುರಿಗೆ ತೆರೆದ ಪುಸ್ತಕ. ಮೂವತ್ನಾಲ್ಕು ವರ್ಷ ಕಳಿಸಿದ್ದನ್ನ ಮಾತ್ರ ಬರೆದ ಮನುಷ್ಯ ಈಗ ‘ಕಳಿಸಿಲ್ಲ’ ಅಂತ ಒಂದು ಹೊಸ ಅಂಕಣ ಎಳೆದು, ಅದರಲ್ಲಿ ದುಂಡಗೆ ಬರೀತಿದ್ದರು. ಆ ತಿಂಗಳು ಅದರಲ್ಲಿ ಮೂವತ್ತೊಂದು ಹೆಸರಿದ್ದವು.

“ಏನಂದಿರಿ, ಬೇಡವಾ?” ಅಂತಿದ್ದರು ಮಾವ. “ಬಹಳ ಸಂತೋಷ ಸ್ವಾಮಿ. ಸಂಕೋಚ ಯಾಕೆ? ಬೇಡ ಅಂತ ಬಾಯಿಬಿಟ್ಟು ಹೇಳಿದಿರಲ್ಲ, ಅಷ್ಟು ಸಾಕು. ನನ್ನ ಸೊಸೆ ಮನೇಲೇ ಇರ್ತಾಳೆ.”